ಮನೆಯಲ್ಲೇ ಶುಗರ್ ನೋಡಿಕೊಳ್ಳುವುದು: ಮೀಟರ್ ತಗೊಂಡ ನಮ್ಮ ಹಿರಿಯರಿಗೆ

ಅಜ್ಜ, ಅಜ್ಜಿ, ಅಂಕಲ್, ಆಂಟಿ, ಈ ಹಾಳೆ ನಿಮಗೆ. ಕ್ಲಿನಿಕ್‌ನಲ್ಲಿ ನಾನು ಹೇಳಿಕೊಡುವಾಗ ಎಲ್ಲರೂ ತಲೆ ಆಡಿಸುತ್ತೀರಿ, ಮನೆಗೆ ಹೋದ ಮೇಲೆ ಬೆಂಗಳೂರಲ್ಲಿರುವ ಮಗಳಿಗೆ ಫೋನ್ ಮಾಡಿ "ಯಾವ ಕಡೆಯಿಂದ ಸ್ಟ್ರಿಪ್ ಹಾಕಬೇಕು" ಅಂತ ಕೇಳುತ್ತೀರಿ. ಮಳೆ ಶುರುವಾದರೆ ಫೋನೂ ಸಿಗಲ್ಲ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಮೀಟರ್ ಇಡುವ ಕಡೆಯೇ ಇದನ್ನೂ ಅಂಟಿಸಿಕೊಳ್ಳಿ.

ಚುಚ್ಚುವ ಮೊದಲು

ಕೈ ತೊಳೆಯಿರಿ. ಇದನ್ನೇ ಎಲ್ಲರೂ ಬಿಡುವುದು. ಕಿತ್ತಳೆ ಸುಲಿದ ಕೈ, ಬೆಲ್ಲ ಪುಡಿ ಮಾಡಿದ ಕೈ, ಜೇನಿನ ಬಾಟಲಿ ಮುಟ್ಟಿದ ಕೈಯಲ್ಲಿ ಹಾಗೇ ಚುಚ್ಚಿದರೆ ಆ ಸಿಹಿಯೂ ರಕ್ತದ ಹನಿಗೆ ಸೇರಿ ಮೀಟರ್ ಸುಮ್ನೆ ಜಾಸ್ತಿ ತೋರಿಸುತ್ತದೆ, ನೀವು ಹೆದರಿ ಮಾತ್ರೆ ಹೆಚ್ಚು ಮಾಡಿಕೊಳ್ಳುತ್ತೀರಿ. ಸೋಪು, ಬಿಸಿನೀರು, ಒಣ ಬಟ್ಟೆ. ಇಷ್ಟೇ. ಸ್ಪಿರಿಟ್ ಬೇಕೇ ಬೇಕು ಅಂತಿಲ್ಲ. ಹಚ್ಚಿದರೆ ಪೂರ್ತಿ ಒಣಗಲಿ. ಒದ್ದೆ ಬೆರಳಿನಲ್ಲಿ ಹನಿ ಹರಡಿಹೋಗುತ್ತದೆ, ನೀರು ಸೇರಿದರೆ ಅಂಕಿಯೂ ತಪ್ಪು ಬರುತ್ತದೆ.

ಬಿಸಿನೀರಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಜುಲೈ ಬೆಳಿಗ್ಗೆಯಾಗಲಿ ಡಿಸೆಂಬರ್ ಬೆಳಿಗ್ಗೆಯಾಗಲಿ ಬೆರಳು ಮರಗಟ್ಟಿರುತ್ತದೆ, ಎಷ್ಟು ಚುಚ್ಚಿದರೂ ರಕ್ತ ಬರಲ್ಲ. ಕೈ ಬೆಚ್ಚಗಾಗಲಿ, ಒಂದು ನಿಮಿಷ ಕೈಯನ್ನು ಕೆಳಗೆ ಇಳಿಬಿಟ್ಟು ಕೂತುಕೊಳ್ಳಿ. ತುಂಬಾ ಥಂಡಿಯಾದರೆ ಮೀಟರೂ ಕೆಲಸ ಮಾಡಲ್ಲ, ಸ್ಕ್ರೀನ್ ಮೇಲೆ ಥರ್ಮಾಮೀಟರ್ ಚಿತ್ರವೋ ಎರರ್ರೋ ಬರುತ್ತದೆ. ಕೆಟ್ಟುಹೋಯಿತು ಅಂತ ಅಂದುಕೊಳ್ಳಬೇಡಿ. ಮೀಟರ್ ಮತ್ತು ಸ್ಟ್ರಿಪ್ ಡಬ್ಬಿ ಎರಡನ್ನೂ ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ನೋಡಿ. ಒಲೆ ಪಕ್ಕ ಬೇಡ.

ಖಾಲಿ ಹೊಟ್ಟೆ ಅಂದರೆ ಕಾಫಿಯೂ ಇಲ್ಲ. ಗೊತ್ತು, ಎದ್ದ ತಕ್ಷಣ ಬೆಲ್ಲದ ಕಾಫಿ ಬೇಕು. ಮೊದಲು ಬೆರಳು, ಆಮೇಲೆ ಕಾಫಿ (ಬೆಲ್ಲದ ವಿಷಯ ಡಾಕ್ಟರ್ ಹತ್ತಿರ ನೀವೇ ಮಾತಾಡಿಕೊಳ್ಳಿ, ನಾನು ಬೈಸಿಕೊಳ್ಳಲ್ಲ). ನೀರು ಕುಡಿಯಬಹುದು.

ಚುಚ್ಚುವುದು

ಪೆನ್ನಿಗೆ ಹೊಸ ಸೂಜಿ ಹಾಕಿ. ಪ್ರತಿ ಸಲ ಹೊಸದು. ಹಳೆಯದು ಮೊಂಡಾಗಿ ಜಾಸ್ತಿ ನೋಯಿಸುತ್ತದೆ, ಸೋಂಕೂ ಆಗಬಹುದು. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೂ ಒಂದೇ ಸೂಜಿ ಬೇಡ, ಪೆನ್ನೂ ಬೇರೆ ಬೇರೆ ಇರಲಿ. ಪಕ್ಕದ ಮನೆಯವರು ಬಂದು "ನಂದೂ ಒಂದು ನೋಡಿ" ಅಂದಾಗ ನಿಮ್ಮ ಪೆನ್ನು ಕೊಡಬೇಡಿ, ಬೇಜಾರಾದರೆ ಆಗಲಿ.

ಪೆನ್ನಿನ ತುದಿ ತಿರುಗಿಸಿದರೆ ಅಂಕಿಗಳು ಕಾಣುತ್ತವೆ, ಅದು ಎಷ್ಟು ಆಳ ಚುಚ್ಚಬೇಕು ಅಂತ. 2 ರಿಂದ ಶುರು ಮಾಡಿ. ತೋಟದ ಕೆಲಸ ಮಾಡಿ ಮಾಡಿ ಬೆರಳು ಗಟ್ಟಿಯಾಗಿದ್ದರೆ 3, 4 ಬೇಕಾಗಬಹುದು. ಚರ್ಮ ತೆಳುವಾಗಿರುವ ಅಜ್ಜಿಯಂದಿರಿಗೆ 1 ಸಾಕಾಗಬಹುದು.

ಈಗ ಡಬ್ಬಿಯಿಂದ ಒಂದು ಸ್ಟ್ರಿಪ್ ತೆಗೆದು ತಕ್ಷಣ ಮುಚ್ಚಳ ಒತ್ತಿ ಮುಚ್ಚಿ. ಸ್ಟ್ರಿಪ್ಪನ್ನು ಮೀಟರಿಗೆ ಹಾಕಿ. ಲೋಹದ ಗೆರೆಗಳಿರುವ ತುದಿ ಒಳಗೆ, ರಕ್ತ ಹೀರುವ ತುದಿ ಹೊರಗೆ. ಮೀಟರ್ ತಾನೇ ಆನ್ ಆಗಿ ಹನಿಯ ಚಿತ್ರ ತೋರಿಸುತ್ತದೆ. ಕೆಲವು ಹಳೆ ಮೀಟರ್‌ಗಳಲ್ಲಿ ಒಂದು ಕೋಡ್ ನಂಬರ್ ಬರುತ್ತದೆ, ಅದು ಸ್ಟ್ರಿಪ್ ಡಬ್ಬಿಯ ಮೇಲಿನ ನಂಬರೇ ಆಗಿರಬೇಕು. ಬೇರೆ ಇದ್ದರೆ ಮುಂದುವರಿಸಬೇಡಿ, ನಮಗೆ ಹೇಳಿ.

ಬೆರಳಿನ ಮಧ್ಯಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ಮಧ್ಯದಲ್ಲಿ ನೋವು ಜಾಸ್ತಿ, ಆಮೇಲೆ ದಿನವಿಡೀ ಏನು ಮುಟ್ಟಿದರೂ ಚುರುಕ್ ಅನ್ನುತ್ತದೆ. ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದ ಮೂರು ಬೆರಳು ಸಾಕು, ಎರಡೂ ಕೈ ಸೇರಿ ಆರು ಆಯಿತಲ್ವಾ, ಇವತ್ತು ಒಂದು, ನಾಳೆ ಇನ್ನೊಂದು. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿಸಿಕೊಂಡವರು ಯಾವ ಕೈ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೇ ಚುಚ್ಚಬೇಕು.

ಪೆನ್ನನ್ನು ಬೆರಳಿಗೆ ಒತ್ತಿ ಹಿಡಿದು ಗುಂಡಿ ಒತ್ತಿ. ಸಾಸಿವೆ ಕಾಳಿನಷ್ಟು ಹನಿ ಬಂದರೆ ಸಾಕು. ಬರದಿದ್ದರೆ ಅಂಗೈ ಕಡೆಯಿಂದ ಬೆರಳಿನ ಕಡೆಗೆ ಮೆಲ್ಲಗೆ ನೀವಿ. ಬೆರಳ ತುದಿಯನ್ನೇ ಬಿಗಿಯಾಗಿ ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬಂದು ಅಂಕಿ ಕೆಡುತ್ತದೆ. ಸ್ಟ್ರಿಪ್ಪಿನ ತುದಿಯನ್ನು ಹನಿಗೆ ತಾಗಿಸಿ ಅಷ್ಟೇ, ಅದು ತಾನೇ ಹೀರಿಕೊಳ್ಳುತ್ತದೆ. ಮೇಲಿಂದ ಸವರಬೇಡಿ. ರಕ್ತ ಕಡಿಮೆ ಆಯಿತು ಅಂತ ಎರಡನೇ ಹನಿ ಸೇರಿಸಲೂ ಬೇಡಿ, ಆ ಸ್ಟ್ರಿಪ್ ಹೋಯಿತು ಅಂದುಕೊಂಡು ಹೊಸದು ಹಾಕಿ. ಸ್ಟ್ರಿಪ್ಪಿನ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಹಾಗೇ ಮಾಡಬೇಕು.

ಕೆಲವು ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯಿರಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇನ್ನೂ ಸ್ವಲ್ಪ ಹೊತ್ತು ಹಿಡಿದಿರಬೇಕು.

ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಮುಚ್ಚಳ ಇರುವಂಥದ್ದು. ದಯವಿಟ್ಟು ಗೊಬ್ಬರದ ಗುಂಡಿಗೆ ಎಸೆಯಬೇಡಿ. ನಾಳೆ ಅದೇ ಗೊಬ್ಬರವನ್ನು ಕಾಫಿ ಗಿಡದ ಬುಡಕ್ಕೆ ಹಾಕುವವರು ಬರಿಗೈ, ಬರಿಗಾಲಿನವರು. ಡಬ್ಬ ಮುಕ್ಕಾಲು ತುಂಬಿದಾಗ ಮುಚ್ಚಿ ಕ್ಲಿನಿಕ್‌ಗೆ ತಂದುಕೊಡಿ.

ಸ್ಟ್ರಿಪ್ ಇಡುವ ವಿಷಯ, ಕೊಡಗಿನವರು ಎರಡು ಸಲ ಓದಿ

ಸ್ಟ್ರಿಪ್ಪಿನಲ್ಲಿ ಒಂದು ಕಿಣ್ವ ಸವರಿರುತ್ತಾರೆ, ಅದು ರಕ್ತದ ಸಕ್ಕರೆ ಜೊತೆ ಸೇರಿದಾಗಲೇ ಮೀಟರಿಗೆ ಲೆಕ್ಕ ಸಿಗುವುದು. ಆ ಕಿಣ್ವಕ್ಕೆ ತೇವ ಆಗಲ್ಲ, ಬಿಸಿಯೂ ಆಗಲ್ಲ. ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಸ್ಟ್ರಿಪ್ ಹೇಗೆ ಉಳಿಯಬೇಕು ಹೇಳಿ. ಕೆಟ್ಟ ಸ್ಟ್ರಿಪ್ ನೋಡಲು ಚೆನ್ನಾಗೇ ಇರುತ್ತದೆ, ಅಂಕಿಯನ್ನೂ ಕೊಡುತ್ತದೆ, ಅದು ತಪ್ಪು ಅಂಕಿ, ತೊಂದರೆ ಇರುವುದೇ ಅಲ್ಲಿ.

ಅದಕ್ಕೆ ಸ್ಟ್ರಿಪ್ ಅದರದೇ ಡಬ್ಬಿಯಲ್ಲಿರಲಿ. ಆ ಡಬ್ಬಿಯ ಒಳಗೇ ತೇವ ಹೀರುವ ವಸ್ತು ಇರುತ್ತದೆ. ಬೇರೆ ಡಬ್ಬಿಗೆ ಸುರಿಯುವುದು, ಎರಡು ಡಬ್ಬಿ ಸೇರಿಸುವುದು, ನಾಳೆಗೆ ಅಂತ ಒಂದನ್ನು ತೆಗೆದು ಮೇಜಿನ ಮೇಲಿಡುವುದು ಬೇಡ. ಅಕ್ಕಿ ಕಾಳು ಹಾಕಿದರೆ ತೇವ ಹೀರುತ್ತದೆ ಅಂತ ಡಬ್ಬಿಯೊಳಗೆ ಅಕ್ಕಿ ಹಾಕುವುದೂ ಬೇಡ, ಅದರ ಪುಡಿ ಸ್ಟ್ರಿಪ್ಪಿಗೆ ಅಂಟುತ್ತದೆ. ಒದ್ದೆ ಕೈಯಲ್ಲಿ ಡಬ್ಬಿಗೆ ಬೆರಳು ಹಾಕಬೇಡಿ.

ಎಲ್ಲಿ ಇಡಬಾರದು ಅಂತ ಹೇಳುತ್ತೇನೆ: ಬಚ್ಚಲಿನಲ್ಲಿ, ಕಿಟಕಿಯ ಮೇಲೆ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ, ಫ್ರಿಜ್ಜಿನಲ್ಲಿ. ಇನ್ಸುಲಿನ್ ಫ್ರಿಜ್ಜಿನಲ್ಲಿ ಇಡುತ್ತೇವೆ, ಇದೂ ಅದರ ಜೊತೆಗಿರಲಿ ಅಂತ ತುಂಬಾ ಜನ ಇಡುತ್ತಾರೆ. ಬೇಡ, ಹೊರಗೆ ತೆಗೆದಾಗ ಸ್ಟ್ರಿಪ್ ಬೆವರುತ್ತದೆ. ಇನ್ನು ಒಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಎಲ್ಲವನ್ನೂ ಅಲ್ಲಿಟ್ಟು ಒಣಗಿಸುವ ಅಭ್ಯಾಸ ನಮ್ಮದು, ಆದರೆ ಅಲ್ಲಿ ಬಿಸಿಯೂ ಹೊಗೆಯೂ ಜಾಸ್ತಿ. ಹೆಚ್ಚಿನ ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಅಂತ ಬರೆದಿರುತ್ತದೆ, ನಿಮ್ಮದರಲ್ಲಿ ಏನಿದೆ ಅಂತ ಮೊಮ್ಮಕ್ಕಳಿಂದ ಓದಿಸಿ. ಮಲಗುವ ಕೋಣೆಯ ಕಪಾಟು, ಅದರೊಳಗೆ ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬ, ಅದರಲ್ಲಿ ಮೀಟರ್, ಪೆನ್ನು, ಸ್ಟ್ರಿಪ್ ಡಬ್ಬಿ. ಇದು ಚೆನ್ನಾಗಿ ನಡೆಯುತ್ತದೆ.

ಡಬ್ಬಿ ತೆರೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ತೆರೆದ ಮೇಲೆ ಕೆಲವು ಕಂಪನಿಯದು 3 ತಿಂಗಳು, ಕೆಲವದು 6 ತಿಂಗಳು, ಡಬ್ಬಿಯ ಮೇಲೆ ಇರುತ್ತದೆ. ವಾರಕ್ಕೆ ಎರಡೇ ಸಲ ನೋಡುವವರು 50ರ ಡಬ್ಬಿ ಬದಲು 25ರದ್ದು ತಗೊಳ್ಳಿ. ದುಬೈಯಿಂದ ಮಗ ತಂದ ಸ್ಟ್ರಿಪ್ ನಿಮ್ಮ ಮೀಟರಿಗೆ ಹೊಂದುತ್ತದಾ ಅಂತ ಮೊದಲು ನೋಡಿ, ಒಂದು ಮೀಟರಿನ ಸ್ಟ್ರಿಪ್ ಇನ್ನೊಂದಕ್ಕೆ ಆಗಲ್ಲ.

ಪುಸ್ತಕದಲ್ಲಿ ಬರೆಯುವುದು

ಒಂದು ನೋಟ್ ಪುಸ್ತಕ ಸಾಕು, ಅದಕ್ಕೊಂದು ದಾರ ಕಟ್ಟಿದ ಪೆನ್ನು. ತಾರೀಕು, ಹೊತ್ತು, ಊಟಕ್ಕೆ ಮೊದಲೋ ಆಮೇಲೋ, ಅಂಕಿ, ಮತ್ತೆ ಏನಾದರೂ ವಿಶೇಷ. ಊಟ ಆದ ಮೇಲೆ ಅಂದರೆ ಮೊದಲ ತುತ್ತಿನಿಂದ 2 ಗಂಟೆ ಎಣಿಸಿ. ಹೀಗೆ ಬರೆಯಿರಿ:

ಜುಲೈ 28, ಬೆಳಿಗ್ಗೆ 6.30, ಖಾಲಿ ಹೊಟ್ಟೆ, 126.
ಜುಲೈ 31, ಬೆಳಿಗ್ಗೆ 10.15, ತಿಂಡಿ ಆಗಿ 2 ಗಂಟೆ, 171, ಅಕ್ಕಿ ರೊಟ್ಟಿ ಎರಡು.
ಆಗಸ್ಟ್ 3, ಮಧ್ಯಾಹ್ನ 3.00, ಊಟ ಆಗಿ 2 ಗಂಟೆ, 238, ಮದ್ದು ಸೊಪ್ಪಿನ ಪಾಯಸ.
ಆಗಸ್ಟ್ 4, ಬೆಳಿಗ್ಗೆ 6.40, ಖಾಲಿ ಹೊಟ್ಟೆ, 141, ರಾತ್ರಿ ಜ್ವರ ಇತ್ತು.

ಆ ಮೂರನೇ ಸಾಲು ನೋಡಿ. ಕಕ್ಕಡ 18ರ ಪಾಯಸ ಮದ್ದು ಇರಬಹುದು, ಅದರಲ್ಲಿ ಬೆಲ್ಲವೂ ಇದೆ. ಪಾಯಸ ಅಂತ ಬರೆದಿದ್ದರೆ ಡಾಕ್ಟರಿಗೆ ಅರ್ಥವಾಗುತ್ತದೆ. ಬರೀ 238 ಇದ್ದರೆ ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಹೆಚ್ಚಿಸಿಬಿಡಬಹುದು. ಜ್ವರ, ಮಾತ್ರೆ ಮರೆತದ್ದು, ಮದುವೆ ಊಟ, ಕಾಫಿ ಕುಯ್ಲಿನ ಓಡಾಟ, ಎಲ್ಲ ಬರೆಯಿರಿ. ಹೆಚ್ಚು ಬಂದ ದಿನ ಬರೆಯದೆ ಬಿಡುವುದು, 210ನ್ನು 150 ಅಂತ ಬರೆಯುವುದು ಬೇಡ. ಯಾರೂ ಬೈಯಲ್ಲ. ಹೇಗೂ ಮೀಟರಿನ ನೆನಪಿನಲ್ಲಿ ನಿಜವಾದ ಅಂಕಿ ಇರುತ್ತದೆ, ನಾನು ನೋಡುತ್ತೇನೆ! ಸೆಲ್ ಬದಲಿಸಿದಾಗ ಮೀಟರಿನ ತಾರೀಕು, ಗಂಟೆ ಸರಿ ಇದೆಯಾ ನೋಡಿಕೊಳ್ಳಿ.

ವಾರಕ್ಕೆ ಎಷ್ಟು ಸಲ ನೋಡಬೇಕು, ನಿಮ್ಮ ಅಂಕಿ ಎಷ್ಟರೊಳಗಿರಬೇಕು ಅನ್ನುವುದು ನಿಮ್ಮ ಚೀಟಿಯಲ್ಲಿದೆ. ಪಕ್ಕದ ಮನೆಯವರದ್ದಕ್ಕೆ ಹೋಲಿಸಬೇಡಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಸ್ವಲ್ಪ ಸಡಿಲ ಇಡುತ್ತಾರೆ, ಯಾಕೆಂದರೆ ಕಡಿಮೆ ಆಗುವುದು ಜಾಸ್ತಿ ಆಗುವುದಕ್ಕಿಂತ ಬೇಗ ಅಪಾಯ ತರುತ್ತದೆ.

ಅಂಕಿ ನೋಡಿ ಏನು ಮಾಡಬೇಕು

70ಕ್ಕಿಂತ ಕಡಿಮೆ ಬಂದರೆ, ಅಥವಾ ಕೈ ನಡುಕ, ಬೆವರು, ತಲೆಸುತ್ತು, ಮಾತು ತೊದಲುವುದು ಶುರುವಾಗಿ ಮೀಟರ್ ಕೈಗೆ ಸಿಗದಿದ್ದರೆ, ಕಾಯಬೇಡಿ. ಮೂರು ದೊಡ್ಡ ಚಮಚ ಅಲ್ಲ, ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಯಾದ ಮೇಲೆ ಏನಾದರೂ ತಿನ್ನಿ, ನಮಗೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಈ ಸಾಲನ್ನು ಮನೆಯಲ್ಲಿ ಕೆಲಸಕ್ಕೆ ಬರುವವರಿಗೂ ಓದಿ ಹೇಳಿ.

300 ದಾಟಿದರೆ ಕೈ ತೊಳೆದು ಹೊಸ ಸ್ಟ್ರಿಪ್ಪಿನಲ್ಲಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಅವತ್ತೇ ಫೋನ್ ಮಾಡಿ. ವಾಂತಿ, ಮೇಲುಸಿರು, ಮಂಪರು ಜೊತೆಗಿದ್ದರೆ ಫೋನ್ ಬೇಡ, ನೇರ ಆಸ್ಪತ್ರೆಗೆ. ಸ್ಕ್ರೀನ್ ಮೇಲೆ HI ಬಂದರೆ ಮೀಟರ್ ಅಳೆಯಲಾಗದಷ್ಟು ಜಾಸ್ತಿ ಅಂತ, ಅದು ನಮಸ್ಕಾರ ಹೇಳುತ್ತಿಲ್ಲ. LO ಬಂದರೆ ತೀರಾ ಕಡಿಮೆ, ತಕ್ಷಣ ಸಕ್ಕರೆ ನೀರು.

ಲ್ಯಾಬಿನಲ್ಲಿ 150 ಬಂದಾಗ ಮನೆ ಮೀಟರ್ 138 ಅಥವಾ 165 ತೋರಿಸಿದರೆ ಗಾಬರಿ ಬೇಡ, 100 ದಾಟಿದ ಅಂಕಿಯಲ್ಲಿ ನೂರಕ್ಕೆ 15ರವರೆಗೆ ಆಚೀಚೆ ಆಗುವುದನ್ನು ಮೀಟರ್‌ಗಳ ಅಂತರರಾಷ್ಟ್ರೀಯ ನಿಯಮವೇ ಒಪ್ಪುತ್ತದೆ. ಅದಕ್ಕಿಂತ ದೂರ ಇದ್ದರೆ ಸ್ಟ್ರಿಪ್ ಮೇಲೆ ಅನುಮಾನ ಪಡಿ. ಮುಂದಿನ ಸಲ ಬರುವಾಗ ಮೀಟರ್, ಸ್ಟ್ರಿಪ್ ಡಬ್ಬಿ, ಪುಸ್ತಕ ಮೂರನ್ನೂ ತನ್ನಿ, ಲ್ಯಾಬಿನವರು ರಕ್ತ ತೆಗೆಯುವ ಹೊತ್ತಿಗೇ ನಿಮ್ಮ ಮೀಟರಿನಲ್ಲೂ ಒಂದು ನೋಡಿ ಹೋಲಿಸೋಣ.