ಗಳಿಕೆಯ ಗುಣಮಟ್ಟದ ಪರಿಶೀಲನಾ ವರದಿ: ಕಲಬುರಗಿಯ ತೊಗರಿ ಬೇಳೆ ಮಿಲ್ ಕಂಪನಿ, 2022-23ರಿಂದ 2024-25

ಇವರಿಗೆ: ಕಂಪನಿಯ ಶೇ. 40ರಷ್ಟು ಷೇರು ಖರೀದಿಸಲು ಮಾತುಕತೆಯಲ್ಲಿರುವ ಬೀದರಿನ ಹೂಡಿಕೆದಾರರು
ಇವರಿಂದ: ಸನ್ನದು ಲೆಕ್ಕಪರಿಶೋಧಕರು, ಕಲಬುರಗಿ
ದಿನಾಂಕ: 18 ಆಗಸ್ಟ್ 2025
(ಬೇರೆ ಸೂಚನೆ ಇಲ್ಲದ ಕಡೆ ಎಲ್ಲ ಮೊತ್ತಗಳೂ ಲಕ್ಷ ರೂಪಾಯಿಗಳಲ್ಲಿವೆ.)

ನಮ್ಮ ಅಭಿಪ್ರಾಯ

ಕಂಪನಿಯು 2024-25ಕ್ಕೆ ತೋರಿಸಿರುವ 412 ಲಕ್ಷ ನಿವ್ವಳ ಲಾಭವನ್ನು ಷೇರಿನ ಬೆಲೆ ನಿಗದಿಗೆ ಆಧಾರವಾಗಿ ಇಟ್ಟುಕೊಳ್ಳಬಾರದು. ನಮ್ಮ ಲೆಕ್ಕದಲ್ಲಿ ಆ ವರ್ಷದ ನಿಜವಾದ ಹಾಗೂ ಮುಂದೆಯೂ ನಿರೀಕ್ಷಿಸಬಹುದಾದ ಲಾಭ ಸುಮಾರು 143 ಲಕ್ಷ. ಇದು ಎರಡು ವರ್ಷಗಳ ಹಿಂದಿನ ಲಾಭಕ್ಕಿಂತಲೂ ಕಡಿಮೆ. ಲೆಕ್ಕಪುಸ್ತಕಗಳಲ್ಲಿ ಸುಳ್ಳು ವ್ಯವಹಾರ ಸೃಷ್ಟಿಸಿದ ಕುರುಹು ನಮಗೆ ಸಿಕ್ಕಿಲ್ಲ. ಆದರೆ ವಿವೇಚನೆಗೆ ಅವಕಾಶವಿದ್ದ ಪ್ರತಿಯೊಂದು ಕಡೆಯಲ್ಲೂ ನಿರ್ಧಾರವು ಲಾಭವನ್ನು ಹೆಚ್ಚಿಸುವ ದಿಕ್ಕಿಗೇ ಹೋಗಿದೆ, ಮತ್ತು ಒಂದೆರಡು ಕಡೆ ವಿವೇಚನೆಯ ಗಡಿಯನ್ನೂ ದಾಟಿದೆ.

ಲಾಭ ಮತ್ತು ನಗದು

ಮೂರು ವರ್ಷಗಳ ವಹಿವಾಟು ಕ್ರಮವಾಗಿ 6,180, 7,420 ಮತ್ತು 8,960 ಲಕ್ಷ. ನಿವ್ವಳ ಲಾಭ 171, 268 ಮತ್ತು 412 ಲಕ್ಷ. ಇದೇ ಅವಧಿಯಲ್ಲಿ ಕಾರ್ಯಾಚರಣೆಯಿಂದ ಬಂದ ನಗದು ಮೊದಲ ವರ್ಷ 158 ಲಕ್ಷ, ಎರಡನೆಯ ವರ್ಷ 61 ಲಕ್ಷ, ಮೂರನೆಯ ವರ್ಷ 187 ಲಕ್ಷ ಕೊರತೆ. ಒಟ್ಟಾರೆ 851 ಲಕ್ಷ ಲಾಭ ತೋರಿಸಿದ ವ್ಯಾಪಾರ ಕೈಗೆ ತಂದುಕೊಟ್ಟ ಹಣ 32 ಲಕ್ಷ ಮಾತ್ರ, ಅಂದರೆ ಲಾಭದ ಪ್ರತಿ ರೂಪಾಯಿಗೆ ನಾಲ್ಕು ಪೈಸೆಗೂ ಕಡಿಮೆ.

ಒಂದು ವರ್ಷದ ಅಂತರವನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವುದು ಬೇಳೆ ಮಿಲ್ ವಿಷಯದಲ್ಲಿ ಅನ್ಯಾಯವಾಗುತ್ತದೆ. ನಮ್ಮ ಭಾಗದಲ್ಲಿ ಹೊಸ ತೊಗರಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಎಪಿಎಂಸಿಗೆ ಬರುತ್ತದೆ. ಮಿಲ್ಲಿನವರು ಆಗಲೇ ಖರೀದಿಸಿ ಮಾರ್ಚ್ 31ಕ್ಕೆ ಗೋದಾಮು ತುಂಬಿಸಿಕೊಂಡಿರುತ್ತಾರೆ. ಹೀಗಾಗಿ ಬೆಳೆಯುತ್ತಿರುವ ಮಿಲ್ಲಿಗೆ ವರ್ಷಾಂತ್ಯದಲ್ಲಿ ನಗದು ಕೊರತೆ ಬೀಳುವುದು ಸಹಜ. ಆಡಳಿತ ಮಂಡಳಿಯೂ ನಮಗೆ ಇದೇ ವಿವರಣೆ ನೀಡಿತು. ಆದರೆ ಮೂರೂ ವರ್ಷಗಳ ಅಂಕಿಗಳು ಒಂದೇ ತಾರೀಖಿನವು, ಆದ್ದರಿಂದ ಹಂಗಾಮಿನ ಪರಿಣಾಮ ಮೂರರಲ್ಲೂ ಒಂದೇ ರೀತಿ ಇರಬೇಕು. ಲಾಭ ಏರುತ್ತ ನಗದು ಇಳಿಯುತ್ತ ಹೋಗಿರುವುದನ್ನು ಹಂಗಾಮು ವಿವರಿಸುವುದಿಲ್ಲ.

ಇದಕ್ಕಿಂತಲೂ ನಮ್ಮನ್ನು ಯೋಚನೆಗೆ ಹಚ್ಚಿದ್ದು ಲಾಭದ ಪ್ರಮಾಣ. ಅದು ಶೇ. 2.8ರಿಂದ 3.6ಕ್ಕೆ, ಅಲ್ಲಿಂದ 4.6ಕ್ಕೆ ಏರಿದೆ. 2024ರ ಮಧ್ಯದಲ್ಲಿ ಕ್ವಿಂಟಲ್‌ಗೆ 10,000 ರೂ. ದಾಟಿದ್ದ ತೊಗರಿ ದರ 2025ರ ಆರಂಭದ ಹೊತ್ತಿಗೆ ಆ ಹಂಗಾಮಿನ ಬೆಂಬಲ ಬೆಲೆಯಾದ 7,550 ರೂ. ಆಸುಪಾಸಿಗೆ ಕುಸಿದಿತ್ತು. ದಾಸ್ತಾನು ಇಟ್ಟುಕೊಂಡಿದ್ದ ಮಿಲ್ಲು ದರ ಬಿದ್ದ ವರ್ಷದಲ್ಲೇ ಅತಿ ಹೆಚ್ಚು ಲಾಭ ಗಳಿಸಿದ್ದು ಹೇಗೆ ಎಂಬ ಪ್ರಶ್ನೆಯಿಂದಲೇ ನಮ್ಮ ಪರಿಶೀಲನೆ ಮುಂದುವರಿಯಿತು.

2024-25ರಲ್ಲಿ ತೆರಿಗೆಗೆ ಮುಂಚಿನ ಲಾಭ 552 ಲಕ್ಷ. ಅದಕ್ಕೆ ಸವಕಳಿ 96 ಮತ್ತು ಬಡ್ಡಿ 148 ಸೇರಿಸಿ, ಜಾಗ ಮಾರಿದ ಲಾಭ 64 ಕಳೆದರೆ 732 ಲಕ್ಷವಾಗುತ್ತದೆ. ಇದರಲ್ಲಿ ಉದ್ದರಿ ಬಾಕಿಯ ಹೆಚ್ಚಳ 538, ದಾಸ್ತಾನಿನ ಹೆಚ್ಚಳ 372, ಇತರ ಮುಂಗಡಗಳು 45 ಮತ್ತು ಕಟ್ಟಿದ ತೆರಿಗೆ 114 ಲಕ್ಷವನ್ನು ನುಂಗಿವೆ. ಕೊಡಬೇಕಾದ ಬಾಕಿಗಳ ಹೆಚ್ಚಳ 150 ಲಕ್ಷ ಮಾತ್ರ ಆಸರೆಯಾಗಿದೆ. ಉಳಿಯುವುದು 187 ಲಕ್ಷ ಕೊರತೆ.

ಮಾರ್ಚ್ ತಿಂಗಳ ಮಾರಾಟ

ಉದ್ದರಿ ಬಾಕಿ ಎರಡು ವರ್ಷಗಳಲ್ಲಿ 742 ಲಕ್ಷದಿಂದ 1,553 ಲಕ್ಷಕ್ಕೆ ಏರಿದೆ. ವಸೂಲಿಯ ಸರಾಸರಿ ಅವಧಿ 44 ದಿನಗಳಿಂದ 50ಕ್ಕೆ, ಈಗ 63ಕ್ಕೆ ಬಂದಿದೆ. ಹಿಂದಿನ ವರ್ಷದಂತೆ 50 ದಿನಗಳೇ ಇದ್ದಿದ್ದರೆ ಬಾಕಿ ಸುಮಾರು 1,227 ಲಕ್ಷವಿರಬೇಕಿತ್ತು. ಅಂದರೆ ವಹಿವಾಟು ಬೆಳೆದದ್ದರಿಂದ ಬಾಕಿ ಹೆಚ್ಚಿದ್ದು 212 ಲಕ್ಷ. ಉಳಿದ 326 ಲಕ್ಷಕ್ಕೆ ಬೇರೆ ಕಾರಣ ಹುಡುಕಬೇಕಾಯಿತು.

ಆ ಕಾರಣ ಮಾರ್ಚ್ ತಿಂಗಳಲ್ಲೇ ಸಿಕ್ಕಿತು. ಮೊದಲ ಹನ್ನೊಂದು ತಿಂಗಳ ಸರಾಸರಿ ಮಾರಾಟ 679 ಲಕ್ಷವಾದರೆ ಮಾರ್ಚ್ ಒಂದರಲ್ಲೇ 1,490 ಲಕ್ಷ. ಕೊನೆಯ ಆರು ದಿನಗಳಲ್ಲಿ ಹೈದರಾಬಾದ್ ಮತ್ತು ಸೊಲ್ಲಾಪುರದ ಮೂವರು ಸಗಟು ವ್ಯಾಪಾರಿಗಳ ಹೆಸರಿಗೆ 486 ಲಕ್ಷದ ಬಿಲ್ ಹರಿದಿದೆ. ಮಾರಾಟದ ಜಿಎಸ್‌ಟಿ ವಿವರಪಟ್ಟಿಯಾದ ಜಿಎಸ್‌ಟಿಆರ್-1ರಲ್ಲೂ ಈ ಬಿಲ್‌ಗಳ ಮೊತ್ತ ವಿನಾಯಿತಿ ಮಾರಾಟದ ಒಟ್ಟು ಲೆಕ್ಕದಲ್ಲಿ ಸೇರಿದೆ. ಆದರೆ ಮಾರಾಟವನ್ನು ಲೆಕ್ಕಕ್ಕೆ ತೋರಿಸಲಾಗಿದೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಮಾಲು ಹೋಗಿದೆ ಎಂಬುದಕ್ಕಲ್ಲ. ಇ-ವೇ ಬಿಲ್ ಇಲ್ಲದಿರುವುದನ್ನು ನಾವು ದೋಷವೆಂದು ಎಣಿಸಿಲ್ಲ, ಏಕೆಂದರೆ 18 ಜುಲೈ 2022ರಿಂದ 25 ಕೆ.ಜಿ.ವರೆಗಿನ, ಲೇಬಲ್ ಇರುವ ಪ್ಯಾಕೆಟ್ ಬೇಳೆಗೆ ಮಾತ್ರ ಶೇ. 5 ತೆರಿಗೆ ಇದ್ದು, ಇಲ್ಲಿರುವುದು ವಿನಾಯಿತಿಗೆ ಒಳಪಟ್ಟ 50 ಕೆ.ಜಿ. ಚೀಲಗಳು. ಆದ್ದರಿಂದ ಕಾಟಾ ಚೀಟಿ, ಗೇಟ್ ಪಾಸ್ ಮತ್ತು ಲಾರಿ ರಸೀದಿಗಳನ್ನು ಬಿಲ್‌ಗಳೊಂದಿಗೆ ಒಂದೊಂದಾಗಿ ತಾಳೆ ಹಾಕಿದೆವು. 310 ಲಕ್ಷದ ಮಾಲು ಗೇಟು ದಾಟಿದ್ದು ಏಪ್ರಿಲ್ 7ರ ನಂತರ.

ಖರೀದಿದಾರರ ಕೋರಿಕೆಯಂತೆ ಮಾಲನ್ನು ಇಟ್ಟುಕೊಂಡಿದ್ದೆವು ಎಂಬುದು ಕಂಪನಿಯ ಉತ್ತರ. ಲೆಕ್ಕಪತ್ರ ಮಾನದಂಡವಾದ ಎಎಸ್ 9 ಇಂಥ ಮಾರಾಟವನ್ನು ಒಪ್ಪುತ್ತದೆ, ಆದರೆ ವಿಳಂಬವು ಖರೀದಿದಾರರ ಕೋರಿಕೆಯ ಮೇಲೆಯೇ ಆಗಿರಬೇಕು, ಮಾಲೀಕತ್ವ ಅವರಿಗೆ ವರ್ಗವಾಗಿರಬೇಕು, ಬಿಲ್ಲನ್ನು ಅವರು ಒಪ್ಪಿರಬೇಕು. ಮೂವರಲ್ಲಿ ಯಾರದ್ದೂ ಕೋರಿಕೆ ಪತ್ರ ಕಡತದಲ್ಲಿಲ್ಲ. ವಿಮೆ ಕಂಪನಿಯ ಹೆಸರಿನಲ್ಲೇ ಮುಂದುವರಿದಿತ್ತು, ಚೀಲಗಳನ್ನು ಬೇರ್ಪಡಿಸಿ ಗುರುತು ಹಾಕಿರಲಿಲ್ಲ. ಈ 310 ಲಕ್ಷವನ್ನು 2025-26ರ ಮಾರಾಟವೆಂದು ಪರಿಗಣಿಸಿ, ಅದರ ಮೇಲಿನ 31 ಲಕ್ಷ ಲಾಭವನ್ನು ಕಳೆದಿದ್ದೇವೆ. ಇದಲ್ಲದೆ ಫೆಬ್ರವರಿ ಮತ್ತು ಮಾರ್ಚ್ ಬಿಲ್‌ಗಳಿಗೆ ಸಂಬಂಧಿಸಿ ಏಪ್ರಿಲ್-ಮೇನಲ್ಲಿ 41 ಲಕ್ಷದ ಕ್ರೆಡಿಟ್ ನೋಟ್‌ಗಳನ್ನು ಕೊಡಲಾಗಿದೆ. ದರ ಕಡಿತದ ಮಾತು ಮಾರ್ಚ್‌ನಲ್ಲೇ ಆಗಿತ್ತೆಂದು ಪತ್ರವ್ಯವಹಾರ ಹೇಳುತ್ತದೆ, ಹಾಗಾಗಿ ಅದೂ ಆ ವರ್ಷದ್ದೇ.

ಹಿಂದಿನ ವರ್ಷದ ಮಾರ್ಚ್ ಬಾಕಿಯಲ್ಲಿ ಶೇ. 80 ಜೂನ್ ಅಂತ್ಯಕ್ಕೆ ವಸೂಲಾಗಿತ್ತು. ಈ ವರ್ಷ 1,553 ಲಕ್ಷದಲ್ಲಿ ಬಂದದ್ದು 790 ಲಕ್ಷ, ಅಂದರೆ ಸುಮಾರು ಅರ್ಧ. ಸೊಲ್ಲಾಪುರದ ಒಬ್ಬ ಹಳೆಯ ಗಿರಾಕಿ ಅಂಗಡಿ ಮುಚ್ಚಿ ಒಂದು ವರ್ಷವಾಗಿದೆ, ಚೆಕ್ ವಾಪಸಾಗಿದೆ. ಆತನ 72 ಲಕ್ಷಕ್ಕೆ ಒಂದು ರೂಪಾಯಿಯ ಪ್ರಾವಿಷನ್ನೂ ಇಲ್ಲ. ಅದನ್ನು ಪೂರ್ತಿ ಕಳೆದಿದ್ದೇವೆ.

ದಾಸ್ತಾನಿನ ಬೆಲೆ

ವರ್ಷಾಂತ್ಯದ 1,240 ಲಕ್ಷ ದಾಸ್ತಾನಿನಲ್ಲಿ 945 ಲಕ್ಷ ತೊಗರಿಯದ್ದು: 9,800 ಕ್ವಿಂಟಲ್, ದರ ಕ್ವಿಂಟಲ್‌ಗೆ 9,640 ರೂ. ಎಪಿಎಂಸಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಹೊಸ ತೊಗರಿ ಸಿಗುತ್ತಿದ್ದ ಕಾಲವದು.

ಎಎಸ್ 2ರ ಪ್ರಕಾರ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ವಸೂಲಿ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಇಡಬೇಕು. ಕಚ್ಚಾ ಮಾಲಿನ ಪೇಟೆ ದರ ಬಿದ್ದ ಮಾತ್ರಕ್ಕೆ ಬೆಲೆ ಇಳಿಸಬೇಕಾಗಿಲ್ಲ. ಅದರಿಂದ ತಯಾರಾಗುವ ಬೇಳೆ ವೆಚ್ಚಕ್ಕಿಂತ ಕಡಿಮೆಗೆ ಮಾರಾಟವಾಗುವಂತಿದ್ದರೆ ಮಾತ್ರ ಇಳಿಸಬೇಕು. ಹೀಗಾಗಿ ತೊಗರಿಯ ದರವನ್ನು ಬದಿಗಿಟ್ಟು, ಒಂದು ಕ್ವಿಂಟಲ್ ತೊಗರಿಯಿಂದ ಬರುವ ಬೇಳೆ ಮತ್ತು ಉಪ ಉತ್ಪನ್ನವಾದ ಚುನ್ನಿಯ ಏಪ್ರಿಲ್ ಮಾರಾಟ ಬೆಲೆಯಲ್ಲಿ ಮಿಲ್ಲಿಂಗ್ ಹಾಗೂ ಮಾರಾಟ ಖರ್ಚು ಕಳೆದು ನೋಡಿದೆವು. ದೊರೆತದ್ದು 8,450 ರೂ. ಕ್ವಿಂಟಲ್‌ಗೆ 1,190 ರೂ.ನಂತೆ ಒಟ್ಟು 117 ಲಕ್ಷ ನಷ್ಟವನ್ನು ಕಂಪನಿ ಗುರುತಿಸಿಲ್ಲ.

ಇದೇ ವರ್ಷ ಕಂಪನಿಯು ಮೊದಲು ಬಂದದ್ದು ಮೊದಲು ಹೋಗುತ್ತದೆ ಎಂಬ ಪದ್ಧತಿಯನ್ನು ಬಿಟ್ಟು ತೂಕದ ಸರಾಸರಿ ಪದ್ಧತಿಗೆ ಹೋಗಿದೆ. ಎರಡೂ ಮಾನ್ಯ ಪದ್ಧತಿಗಳೇ. ಆದರೆ ಹಳೆಯ ಪದ್ಧತಿಯಲ್ಲಿ ಉಳಿದಿದ್ದರೆ ದಾಸ್ತಾನು ಕ್ವಿಂಟಲ್‌ಗೆ ಸುಮಾರು 7,700 ರೂ.ಗೆ ನಿಲ್ಲುತ್ತಿತ್ತು, ಲಾಭ 190 ಲಕ್ಷ ಕಡಿಮೆಯಾಗುತ್ತಿತ್ತು. ದರ ಬೀಳುತ್ತಿದ್ದ ವರ್ಷವನ್ನೇ ಆರಿಸಿಕೊಂಡು ಪದ್ಧತಿ ಬದಲಿಸಿದ್ದಕ್ಕೆ ಸಮಾಧಾನಕರ ಕಾರಣ ಸಿಗಲಿಲ್ಲ. ಎಎಸ್ 5 ಕೇಳುವ ಪರಿಣಾಮದ ಮೊತ್ತವೂ ಟಿಪ್ಪಣಿಯಲ್ಲಿಲ್ಲ. ಆದರೂ ನಾವು ಕಳೆದಿರುವುದು 117 ಲಕ್ಷವನ್ನು ಮಾತ್ರ. ಉಳಿದ 73 ಲಕ್ಷವನ್ನು ಬೆಲೆ ಚೌಕಾಶಿಯ ವಿಷಯವಾಗಿ ತಮ್ಮ ಗಮನಕ್ಕೆ ಬಿಡುತ್ತೇವೆ.

ಇತರ ತಿದ್ದುಪಡಿಗಳು

ಬೇಳೆ ಬಣ್ಣ ವಿಂಗಡಿಸುವ ಸಾರ್ಟೆಕ್ಸ್ ಯಂತ್ರ ಮತ್ತು ಬಾಯ್ಲರ್ ರಿಪೇರಿಗೆ ಹೋದ 58 ಲಕ್ಷವನ್ನು ಖರ್ಚು ಹಾಕದೆ ಸ್ಥಿರ ಆಸ್ತಿಗೆ ಸೇರಿಸಲಾಗಿದೆ. ಬಿಲ್‌ಗಳಲ್ಲಿರುವುದು ಬೆಲ್ಟ್, ಬೇರಿಂಗ್ ಮತ್ತು ಕೂಲಿ. ಯಂತ್ರದ ಸಾಮರ್ಥ್ಯ ಹೆಚ್ಚಿಲ್ಲ. ಈಗಾಗಲೇ ಹಾಕಿರುವ 4 ಲಕ್ಷ ಸವಕಳಿ ಬಿಟ್ಟು 54 ಲಕ್ಷ ಕಳೆದಿದ್ದೇವೆ. ಸೇಡಂ ರಸ್ತೆಯ ಹಳೆಯ ಗೋದಾಮಿನ ಜಾಗ ಮಾರಿದ 64 ಲಕ್ಷ ನಿಜವಾದ ಲಾಭವೇ, ಆದರೆ ಮತ್ತೆ ಬರುವಂಥದ್ದಲ್ಲ. ನಿರ್ದೇಶಕರ ಮನೆಯ ಪ್ರಯಾಣ ಮತ್ತು ಕಾರಿನ 18 ಲಕ್ಷ ಖರ್ಚು ಕಂಪನಿಯ ತಲೆಗೆ ಬಿದ್ದಿದೆ. ಅದನ್ನು ಕಂಪನಿಯ ಪರವಾಗಿ ಮರಳಿ ಸೇರಿಸಿದ್ದೇವೆ.

| ವಿವರ | ಮೊತ್ತ |
|---|---|
| ತೋರಿಸಿದ ಲಾಭ, ತೆರಿಗೆಗೆ ಮುಂಚೆ | 552 |
| ಮಾಲು ಹೋಗದ ಮಾರ್ಚ್ ಮಾರಾಟ | −31 |
| ಕ್ರೆಡಿಟ್ ನೋಟ್‌ಗಳು | −41 |
| ದಾಸ್ತಾನು ಬೆಲೆ ಇಳಿಕೆ | −117 |
| ರಿಪೇರಿ ಖರ್ಚು | −54 |
| ವಸೂಲಾಗದ ಬಾಕಿ | −72 |
| ಜಾಗ ಮಾರಾಟದ ಲಾಭ | −64 |
| ನಿರ್ದೇಶಕರ ಸ್ವಂತ ಖರ್ಚು | +18 |
| ತಿದ್ದಿದ ಲಾಭ, ತೆರಿಗೆಗೆ ಮುಂಚೆ | 191 |
| ತೆರಿಗೆ (ಸುಮಾರು ಶೇ. 25.17) | −48 |
| ತಿದ್ದಿದ ನಿವ್ವಳ ಲಾಭ | 143 |

ಮೇಲಿನ ಹೆಚ್ಚಿನ ತಿದ್ದುಪಡಿಗಳು ನಗದನ್ನು ಮುಟ್ಟುವುದಿಲ್ಲ. ಲಾಭ ಮತ್ತು ನಗದಿನ ನಡುವೆ ಅಂತರ ಹುಟ್ಟಿದ್ದೂ ಅದಕ್ಕೇ. ಆದರೆ ನಗದು ಹರಿವಿನ ಪಟ್ಟಿಯನ್ನೂ ತುಸು ಚಂದಗಾಣಿಸಲಾಗಿದೆ. ಕೊಡಬೇಕಾದ ಬಾಕಿಯ 150 ಲಕ್ಷ ಹೆಚ್ಚಳದಲ್ಲಿ 85 ಲಕ್ಷ ತೊಗರಿಯದ್ದೂ ಅಲ್ಲ, ಅಡತಿಗಳದ್ದೂ ಅಲ್ಲ. ನಿರ್ದೇಶಕರ ಸಂಬಂಧಿಕರ ಸಂಸ್ಥೆಯಿಂದ ಮಾರ್ಚ್ 28ಕ್ಕೆ ಬಂದು ಏಪ್ರಿಲ್ 9ಕ್ಕೆ ಮರಳಿದ ಕೈಗಡವದು. ಎಎಸ್ 3ರಂತೆ ಅದು ಹಣಕಾಸು ಚಟುವಟಿಕೆಯ ಕೆಳಗೆ ಬರಬೇಕು. ಅದನ್ನೂ ರಿಪೇರಿಯ 58 ಲಕ್ಷವನ್ನೂ ಸರಿಪಡಿಸಿ, 18 ಲಕ್ಷ ಮರಳಿ ಸೇರಿಸಿದರೆ ಕಾರ್ಯಾಚರಣೆಯ ಕೊರತೆ 187ರಿಂದ 312 ಲಕ್ಷಕ್ಕೆ ಏರುತ್ತದೆ. ಈ ಕೊರತೆಯನ್ನು ತುಂಬಿರುವುದು ಬ್ಯಾಂಕು: 900 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿಯಲ್ಲಿ ಮಾರ್ಚ್ 31ಕ್ಕೆ 884 ಲಕ್ಷ ಬಳಕೆಯಾಗಿತ್ತು. ಅದೇ ದಿನದ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಬ್ಯಾಂಕಿಗೆ 11,200 ಕ್ವಿಂಟಲ್ ತೊಗರಿ ತೋರಿಸಲಾಗಿದ್ದು, ಪುಸ್ತಕದಲ್ಲಿರುವುದು 9,800.

ನಗದೇ ಸತ್ಯ ಎಂದು ನಂಬಿಕೊಂಡೂ ನಾವು ಕೂತಿಲ್ಲ. 2009ರಲ್ಲಿ ಬಯಲಾದ ಸತ್ಯಂ ಪ್ರಕರಣದಲ್ಲಿ ಬ್ಯಾಂಕ್ ಶಿಲ್ಕೇ ಸುಳ್ಳಾಗಿತ್ತು. ಆದ್ದರಿಂದ ಖಾತೆಗಳ ಶಿಲ್ಕನ್ನು ಬ್ಯಾಂಕಿನಿಂದ ನೇರವಾಗಿ ಪತ್ರ ತರಿಸಿ ದೃಢಪಡಿಸಿಕೊಂಡಿದ್ದೇವೆ, ವ್ಯತ್ಯಾಸವಿಲ್ಲ.

ಖರೀದಿಗೆ ಮುಂಚೆ ಆಗಬೇಕಾದ್ದು

ಬೆಲೆಯ ಮಾತುಕತೆ 143 ಲಕ್ಷದಿಂದ ಆರಂಭವಾಗಲಿ. ಉದ್ದರಿ ಬಾಕಿಯಲ್ಲಿ ಜೂನ್ ಅಂತ್ಯಕ್ಕೆ ಬಾರದೆ ಉಳಿದ 763 ಲಕ್ಷದಲ್ಲಿ, ಸೊಲ್ಲಾಪುರದ 72 ಲಕ್ಷ ಬಿಟ್ಟು ಉಳಿದದ್ದು ಡಿಸೆಂಬರ್ 31ರೊಳಗೆ ವಸೂಲಾಗದಿದ್ದರೆ ಅಷ್ಟು ಮೊತ್ತ ಷೇರಿನ ಬೆಲೆಯಿಂದ ಕಡಿತವಾಗುವಂತೆ ಒಪ್ಪಂದದಲ್ಲಿ ಷರತ್ತು ಹಾಕಿ, ಅದಕ್ಕೆ ತಕ್ಕ ಹಣವನ್ನು ತಡೆಹಿಡಿಯಬೇಕು. ಸ್ಟಾಕ್ ಸ್ಟೇಟ್‌ಮೆಂಟಿನ 1,400 ಕ್ವಿಂಟಲ್ ವ್ಯತ್ಯಾಸಕ್ಕೆ ಕಂಪನಿ ಬ್ಯಾಂಕಿಗೆ ಲಿಖಿತ ವಿವರಣೆ ಕೊಟ್ಟು, ಅದರ ಪ್ರತಿ ತಮ್ಮ ಕೈಸೇರುವವರೆಗೆ ಮುಂಗಡ ಕೊಡಬಾರದು. ಮೂವರು ಸಗಟು ವ್ಯಾಪಾರಿಗಳಿಗೆ ನಾವು ಕಳಿಸಿದ ಬಾಕಿ ದೃಢೀಕರಣ ಪತ್ರಗಳಲ್ಲಿ ಇಬ್ಬರದು ಬಂದಿದೆ. ಹೈದರಾಬಾದಿನ ಒಬ್ಬರ ಉತ್ತರ ಈ ದಿನದವರೆಗೂ ಬಂದಿಲ್ಲ, ಅವರ ಬಾಕಿ 124 ಲಕ್ಷ. ಗೋದಾಮಿನ ದಾಸ್ತಾನನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ತಮ್ಮ ಪ್ರತಿನಿಧಿಯ ಸಮ್ಮುಖದಲ್ಲಿ ತೂಗಿಸಲು ಕಂಪನಿ ಒಪ್ಪಿಕೊಂಡಿದೆ.