ನಿಮ್ಮ ಪುಸ್ತಕ, ನಮ್ಮ ಕಾಫಿ: ಜಂಟಿ ಪ್ರಚಾರಕ್ಕೊಂದು ಪ್ರಸ್ತಾಪ

ಬಸವನಗುಡಿ, ಬೆಂಗಳೂರು
ಅಕ್ಟೋಬರ್ 9

ಮೇಷ್ಟ್ರಿಗೆ ನಮಸ್ಕಾರಗಳು.

ನಾನು ಡಿ.ವಿ.ಜಿ. ರಸ್ತೆಯಲ್ಲಿ ನಿಮ್ಮ ಪುಸ್ತಕದಂಗಡಿಯಿಂದ ನಾಲ್ಕು ಅಂಗಡಿ ಆಚೆ ಕೆಫೆ ನಡೆಸುವ ಸವಿತಾ. ಸಿಕ್ಕಾಗ ಬಾಯಲ್ಲೇ ಹೇಳಬಹುದಿತ್ತು. ನೀವು ನಿಧಾನವಾಗಿ ಯೋಚಿಸಲಿ ಎಂದು ಬರೆದು ಕಳಿಸುತ್ತಿದ್ದೇನೆ.

ಕಳೆದ ಶನಿವಾರ ಸಂಜೆ ಒಬ್ಬ ಹುಡುಗ ನಿಮ್ಮ ಅಂಗಡಿಯ ಕಂದು ಕವರ್ ಹಿಡಿದು ಬಂದ. ಚಮಚದ ಹಿಡಿಯಿಂದ ಟೇಪ್ ಸೀಳಿ ಪುಸ್ತಕ ತೆಗೆದ, ಮೂಸಿ ನೋಡಿದ, ಓದಲು ಕೂತ. ಲೋಟದಲ್ಲಿ ಕಾಫಿ ಕೆನೆ ಕಟ್ಟಿತು. ನಾನೇ ಇನ್ನೊಂದು ಬಿಸಿ ಕಾಫಿ ಕೊಟ್ಟೆ. ಕೊಂಡ ಪುಸ್ತಕದ ಮೊದಲ ಹತ್ತು ಪುಟವನ್ನು ಮನೆ ತಲುಪುವವರೆಗೂ ತಡೆಯಲಾರದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಆದರೆ ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ನಿಮ್ಮ ಅಂಗಡಿ ಇರುವುದೇ ಗೊತ್ತಿಲ್ಲ. ಮಹಡಿ ಮೇಲಿದೆ, ಬೋರ್ಡು ಮರದ ಮರೆಯಲ್ಲಿದೆ. ನನಗೆ ಇದು ಬೇಸರದ ವಿಷಯ.

ಅದಕ್ಕೇ ನವೆಂಬರ್ ಪೂರ್ತಿ ಹೀಗೆ ಮಾಡೋಣವೇ? ನಿಮ್ಮಲ್ಲಿ ಅವತ್ತು ಪುಸ್ತಕ ಕೊಂಡ ಬಿಲ್ ತೋರಿಸಿದರೆ ನಮ್ಮಲ್ಲಿ ಫಿಲ್ಟರ್ ಕಾಫಿ ಅರ್ಧ ಬೆಲೆಗೆ. ಪುಸ್ತಕದ ವ್ಯಾಪಾರದಲ್ಲಿ ಉಳಿಯುವುದು ಎಷ್ಟೆಂದು ಬಲ್ಲೆ, ನಿಮ್ಮಿಂದ ರಿಯಾಯಿತಿ ಕೇಳುವುದಿಲ್ಲ. ಮಾರುವ ಪ್ರತಿ ಪುಸ್ತಕದೊಳಗೆ ನಮ್ಮಿಬ್ಬರ ಹೆಸರಿರುವ ಬುಕ್‌ಮಾರ್ಕ್ ಇಟ್ಟುಕೊಡಿ, ಅಚ್ಚಿನ ಖರ್ಚು ನನ್ನದು. ನಮ್ಮ ಕಿಟಕಿ ಪಕ್ಕದ ಕಪಾಟಿನಲ್ಲಿ ನೀವು ಆರಿಸಿದ 12 ಪುಸ್ತಕ ಮಾರಾಟಕ್ಕಿಡುತ್ತೇನೆ. ಹಣ ಪೂರ್ತಿ ನಿಮಗೆ. ಕಾಫಿ ಚೆಲ್ಲಿ ಕೆಟ್ಟ ಪ್ರತಿಯ ಬೆಲೆ ನಾನು ಕೊಡುತ್ತೇನೆ.

ಇನ್ನು ಇನ್‌ಸ್ಟಾಗ್ರಾಮ್. ಕೊಲಾಬ್ ಪೋಸ್ಟ್ ಹಾಕಿದರೆ ಒಂದೇ ಪೋಸ್ಟ್ ಇಬ್ಬರ ಪೇಜಿನಲ್ಲೂ ಕಾಣುತ್ತದೆ. ಫೋಟೊ ತೆಗೆಯುವ ಕೆಲಸ ನನಗೆ ಬಿಡಿ. ಮೂರು ಬರೆದಿಟ್ಟಿದ್ದೇನೆ:

ನವೆಂಬರ್ 1ಕ್ಕೆ, ಹಬೆಯಾಡುವ ಲೋಟದ ಪಕ್ಕ ಕನ್ನಡ ಪುಸ್ತಕ: "ರಾಜ್ಯೋತ್ಸವಕ್ಕೆ ಒಂದು ಕನ್ನಡ ಪುಸ್ತಕ ಕೊಳ್ಳಿ. ಮೊದಲ ಅಧ್ಯಾಯ ನಮ್ಮ ಕಿಟಕಿ ಪಕ್ಕ ಓದಿ. ಕಾಫಿ ಅರ್ಧ ಬೆಲೆಗೆ."

ಪ್ರತಿ ಗುರುವಾರ ನಿಮ್ಮ ರೀಲ್, ಅರ್ಧ ನಿಮಿಷದ್ದು: "ಮೇಷ್ಟ್ರು ಹೇಳಿದ ಪುಸ್ತಕ." ನೀವು ಗಲ್ಲಾದ ಹಿಂದೆ ನಿಂತು ಗಿರಾಕಿಗೆ ಹೇಳುವಂತೆಯೇ ಹೇಳಬೇಕು. ನನ್ನ ಮಗಳಿಗೆ ಕಥೆಯ ರುಚಿ ಹತ್ತಿದ್ದು ಆ ಮಾತಿನಿಂದಲೇ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ರೀಲ್ ಮೇಲೆ.

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ಬುಲ್ ಟೆಂಪಲ್ ರಸ್ತೆಗೆ ಊರೇ ಬರುತ್ತದೆ. ಅವತ್ತು: "ಪರಿಷೆಯಿಂದ ಕಡಲೆಕಾಯಿ ತನ್ನಿ, ಪಕ್ಕದ ಮಹಡಿಯಿಂದ ಪುಸ್ತಕ ತನ್ನಿ. ಕೂರಲು ಜಾಗ, ಸಿಪ್ಪೆ ಹಾಕಲು ಬುಟ್ಟಿ ನಮ್ಮಲ್ಲಿದೆ."

ತಿಂಗಳ ಕೊನೆಗೆ ಇಬ್ಬರೂ ಲೆಕ್ಕ ಹಾಕೋಣ. ನಿಮಗೆ ಅನುಕೂಲ ಆಗಲಿಲ್ಲ ಎನಿಸಿದರೆ ಅಲ್ಲಿಗೇ ನಿಲ್ಲಿಸೋಣ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ನಿಮ್ಮಲ್ಲಿಗೆ ಬರುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ, ಸಕ್ಕರೆ ಹಾಕದೆ. ಆ 12 ಪುಸ್ತಕಗಳ ಪಟ್ಟಿ ಯೋಚಿಸಿಟ್ಟಿರಿ.

ವಂದನೆಗಳೊಂದಿಗೆ,
ಸವಿತಾ