‘ರೊಕ್ಕ ಕಟ್ ಆಗ್ಯಾವ’ ಕರೆಗೆ ಮೇಜಿನ ಹಾಳೆ: ಬ್ಯಾಂಕ್ ಸಹಾಯವಾಣಿ, ರಾಯಚೂರು ಕೇಂದ್ರ

ತರಬೇತಿಯ ಸ್ಲೈಡ್‌ಗಳನ್ನು ಕರೆಯ ನಡುವೆ ತಿರುವಿ ಹಾಕಲು ಪುರುಸೊತ್ತು ಸಿಗಲ್ಲ. ಅದಕ್ಕೇ ಅವನ್ನು ಪ್ರಶ್ನೆಗಳಾಗಿ ಮಾಡಿದ್ದೇನೆ. ಪ್ರಶ್ನೆ ಕೇಳಿ, ಉತ್ತರದ ಮುಂದಿರುವ ಹಂತಕ್ಕೆ ಹೋಗಿ.

ಹಂತ 1. “ಈ ರೊಕ್ಕ ನೀವೇ ಕಳಿಸಿದ್ರಾ?”
ಇಲ್ಲ → 2
ಯಾರೋ ನಂಬಿಸಿ ಕಳಿಸಿಕೊಂಡರು → 2
ಹೌದು, ಯುಪಿಐನಲ್ಲಿ → 3
ಎಟಿಎಂನಲ್ಲಿ ನೋಟು ಬರಲಿಲ್ಲ → 4

ಸ್ಲೈಡ್‌ಗಳಲ್ಲಿ ಮೋಸದ ವಿಷಯ ಕೊನೆಗಿತ್ತು. ಇಲ್ಲಿ ಮೊದಲಿಗೆ ತಂದಿದ್ದೇನೆ. ‘ರೊಕ್ಕ ಹೋಗ್ಯಾವ್ರೀ’ ಅಂತಷ್ಟೇ ಹೇಳಿದರೆ ಕಳವೋ, ಪೆಂಡಿಂಗೋ ಗೊತ್ತಾಗಲ್ಲ. ನಾವು ಪೆಂಡಿಂಗ್ ಅಂದುಕೊಂಡು ಮಾತಾಡುತ್ತಾ ಕೂತರೆ ಅತ್ತ ಖಾತೆ ಖಾಲಿ ಆಗುತ್ತಿರುತ್ತದೆ.

ಹಂತ 2. ಮೋಸ
ಗುರುತು ಖಚಿತವಾದ ಕೂಡಲೇ ಕಾರ್ಡ್, ಯುಪಿಐ ಎರಡನ್ನೂ ಬ್ಲಾಕ್ ಮಾಡಿ. ಕತೆ ಆಮೇಲೆ ಕೇಳಿ. ದೂರಿನ ನಂಬರ್ ಬರೆಸಿ, ಓದಿ ಹೇಳಿಸಿಕೊಳ್ಳಿ. ನಂತರ:

“ಈಗಲೇ 1930ಕ್ಕೆ ಫೋನ್ ಮಾಡ್ರಿ. ಅದು ಸೈಬರ್ ವಂಚನೆಯ ಸಹಾಯವಾಣಿ. ನಾಳೆಗೆ ಬಿಡಬ್ಯಾಡ್ರಿ.”

ಅವರ ಫೋನಿನಲ್ಲಿ ಯಾರೋ ಹೇಳಿ ಹಾಕಿಸಿದ ಸ್ಕ್ರೀನ್ ಶೇರ್ ಆ್ಯಪ್ ಇದೆಯಾ? ಇದ್ದರೆ ಮೊದಲು ನೆಟ್ ಆಫ್ ಮಾಡಿಸಿ, ಆಮೇಲೆ ಆ್ಯಪ್ ತೆಗೆಸಿ.

ಒಟಿಪಿ, ಪಿನ್ ನಾವು ಕೇಳುವುದೇ ಇಲ್ಲ. ಅವರಾಗಿಯೇ ಹೇಳತೊಡಗಿದರೆ ನಡುವೆಯೇ ತಡೆಯಿರಿ. “ಯಾಕ್ರೀ ಹೇಳಿದ್ರಿ?” ಅಂತ ಮಾತ್ರ ಯಾರನ್ನೂ ಬೈಯಬೇಡಿ. ಭತ್ತ ಮಾರಿದ ರೊಕ್ಕ ಕಳೆದುಕೊಂಡ ಸಿಂಧನೂರಿನ ರೈತ ಆ ಮಾತಿಗೆ ಫೋನ್ ಇಟ್ಟರೆ 1930ಕ್ಕೂ ಮಾಡಲಿಕ್ಕಿಲ್ಲ.

“ನನ್ನ ರೊಕ್ಕ ಬರ್ತಾವಾ?” ಅಂದರೆ ಮಾತು ಕೊಡಬೇಡಿ. ತಪ್ಪು ಬ್ಯಾಂಕಿನದೂ ಅಲ್ಲ, ಅವರದೂ ಅಲ್ಲ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ತಾವೇ ಒಟಿಪಿ ಕೊಟ್ಟಿದ್ದರೆ, ನಮಗೆ ತಿಳಿಸುವವರೆಗಿನ ನಷ್ಟ ಅವರದು. ಅದಕ್ಕೇ ದೂರು ದಾಖಲಾದ ಸಮಯವನ್ನು ನಿಮಿಷ ಸಮೇತ ನಮೂದಿಸಿ.

ಹಂತ 3. ಯುಪಿಐ: “ಆ್ಯಪ್‌ನಲ್ಲಿ ಏನಂತ ತೋರಿಸ್ತದ?”
ಫೇಲ್ ಅಥವಾ ಪೆಂಡಿಂಗ್, ವ್ಯಕ್ತಿಯ ಖಾತೆಗೆ ಕಳಿಸಿದ್ದು → ಮರುದಿನದೊಳಗೆ ವಾಪಸ್ ಬರಬೇಕು.
ಅಂಗಡಿಗೆ ಕೊಟ್ಟದ್ದು, ಅವರಿಗೆ ತಲುಪಿಲ್ಲ → 5 ದಿನದೊಳಗೆ.
ಗಡುವು ದಾಟಿದೆ → 5
ಸಕ್ಸಸ್, ಆದರೆ ತಪ್ಪು ನಂಬರಿಗೆ ಹೋಗಿದೆ → ದೂರು ದಾಖಲಿಸಿ. ಪಡೆದವರು ಒಪ್ಪದೆ ನಾವು ಎಳೆದುಕೊಳ್ಳಲು ಆಗಲ್ಲ ಅನ್ನುವುದನ್ನು ಮೊದಲೇ ಹೇಳಿ.

ಪೆಂಡಿಂಗ್ ಇರುವಾಗ ಮತ್ತೆ ಕಳಿಸಬೇಡಿ ಅಂತ ಹೇಳಿ. ಎರಡೂ ಹೋಗಿಬಿಡಬಹುದು.

ಹಂತ 4. ಎಟಿಎಂ
ಜಾಗ, ಸಮಯ, ಮೊತ್ತ ಕೇಳಿ. ಬೇರೆ ಬ್ಯಾಂಕಿನ ಎಟಿಎಂ ಆದರೂ ಕಾರ್ಡ್ ನಮ್ಮದಾದರೆ ದೂರು ನಮ್ಮದೇ, ಅವರನ್ನು ಅಲ್ಲಿಗೆ ಓಡಿಸಬೇಡಿ. 5 ದಿನದೊಳಗೆ ವಾಪಸ್ ಬರಬೇಕು. ದಾಟಿದೆ → 5

ಹಂತ 5. ಗಡುವು ಮೀರಿದೆ
ದಿನಕ್ಕೆ 100 ರೂಪಾಯಿ ಪರಿಹಾರ ಸೇರಬೇಕು, ಗ್ರಾಹಕರು ಕೇಳದಿದ್ದರೂ. ಹಿರಿಯ ಏಜೆಂಟಿಗೆ ಕರೆ ವರ್ಗಾಯಿಸಿ, ದೂರಿನ ನಂಬರ್ ನೀವೇ ಹೇಳಿ. ಗ್ರಾಹಕರಿಂದ ಮತ್ತೆ ಹೇಳಿಸಬೇಡಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಳಾಸ `cms.rbi.org.in`, ಶುಲ್ಕ ಇಲ್ಲ. ಗ್ರಾಹಕರು ಕೇಳಿದರೆ ಇದನ್ನು ಮುಚ್ಚಿಡಬೇಡಿ, ಅಕ್ಷರ ಅಕ್ಷರವಾಗಿ ಬರೆಸಿ.